ಕ್ಷಮಿಸಿದ ಮೇಲೆ ನಂಬೋದು ಹೇಗೆ? (ಹೋಶೇಯ 3:1-3)

ಹೋಶೇಯ 3ನೇ ಅಧ್ಯಾಯ ತೆಗೀರಿ. ಪ್ರವಾದಿ 15 ಬೆಳ್ಳಿ ನಾಣ್ಯ, ಜತೆಗೆ ಜವೆಗೋಧಿ ಕೊಟ್ಟು ಆಕೆಯನ್ನು ಮನೆಗೆ ಕರೆತರುತ್ತಾನೆ. ಆದರೆ 3ನೇ ವಚನ ಗಮನಿಸಿ. ಬಹಳ ದಿವಸ ನೀನು ಬೇರೆಯವರ ಬಳಿ ಹೋಗದೆ ಕಾದಿರಬೇಕು, ನಾನೂ ಹಾಗೇ ಇರುತ್ತೇನೆ ಅನ್ನೋ ಅರ್ಥದ ಮಾತು ಅಲ್ಲಿದೆ. ಕರೆತಂದದ್ದು ಒಂದು ದಿನ, ಸರಿಹೋಗಲು ಬೇಕಾದದ್ದು ಬಹಳ ದಿನ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಮ್ಮ ಹಟ್ಟಿ ಗಣಿಯಲ್ಲಿ ಶಿಫ್ಟ್ ಮಾಡೋ ಒಬ್ಬ ಅಣ್ಣ. ಒಂದು ವರ್ಷದಿಂದ ಬೇರೆ ಸಂಬಂಧ ಇತ್ತು ಅಂತ ಹೆಂಡತಿ ಮುಂದೆ ಒಪ್ಪಿಕೊಂಡ. "ಪಾಸ್ಟರೇ, ನಾನ್ ಇರ್ಲಾ, ತವರಿಗೆ ಹೋಗ್ಲಾ?" ಅಂತ ಆ ತಂಗಿ ಕೇಳಿದರೆ, ಇವತ್ತೇ ತೀರ್ಮಾನ ಬೇಡ ಅಂತೀನಿ. ಆತ ಹೊಡೆಯೋನಾದರೆ ಮಾತ್ರ ಮೊದಲು ಹೊರಗೆ ಬರಬೇಕು, ಪ್ರಾರ್ಥನೆ ಆಮೇಲೆ. ಮತ್ತಾಯ 19:9 ಬಿಡೋದಕ್ಕೆ ಅವಕಾಶ ಕೊಡ್ತದೆ, ಬಿಡಲೇಬೇಕು ಅನ್ನೋದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ವ್ಯಭಿಚಾರ ಅಪರಾಧ ಅಲ್ಲ ಅಂದರೂ, ವಿಚ್ಛೇದನಕ್ಕೆ ಅದು ಇಂದಿಗೂ ಕಾರಣವೇ. ಬಿಟ್ಟವಳನ್ನು ಸಭೆ ದೂರಬಾರದು.

ಇರೋದಾದರೆ, ಆತ ಮೂರು ಕೆಲಸ ಮಾಡಬೇಕು. ಮೊದಲನೇದು, ಆ ಸಂಬಂಧ ಪೂರ್ತಿ ಕಡಿಯಬೇಕು. ಆಕೆಯ ಫೋನ್ ಬಂದರೆ ಹೆಂಡತಿ ಕೇಳೋಕೆ ಮುಂಚೆ ತಾನೇ ಹೇಳಬೇಕು. ಎರಡನೇದು, ಸತ್ಯ ಒಂದೇ ಸಲ ಪೂರ್ತಿ ಹೇಳಬೇಕು. ಈ ವಾರ ಅರ್ಧ, ಮುಂದಿನ ತಿಂಗಳು ಇನ್ನರ್ಧ ಹೊರಬಂದರೆ, ಹೆಂಡತಿಗೆ ಪ್ರತಿಸಲ ಮೊದಲ ದಿನದ ಗಾಯವೇ ಮತ್ತೆ ಆಗ್ತದೆ. ಮೂರನೇದು, ಇಬ್ಬರೂ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಮಾಡಿಸಬೇಕು. ಅಲ್ಲಿ ಉಚಿತ, ಗುಟ್ಟೂ ಉಳೀತದೆ. ಹೊಸ ಸೋಂಕು ಮೊದಲ ಪರೀಕ್ಷೆಯಲ್ಲಿ ಕಾಣದೇ ಇರಬಹುದು, ಅದಕ್ಕೆ ಮೂರು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಿ. ಅಲ್ಲಿಯವರೆಗೆ ದೂರ ಇರಿ, ಇಲ್ಲಾ ಕಾಂಡೋಮ್ ಬಳಸಿ.

ಮಾನಸಾಂತರ ನಿಜವೋ ಅಂತ ತಿಳಿಯೋದು ಹೇಗೆ? ಕಣ್ಣೀರು ನೋಡಬೇಡಿ, ಆರನೇ ತಿಂಗಳು ನೋಡಿ. ರಾತ್ರಿ ಶಿಫ್ಟ್ ಮುಗಿದು ಅರ್ಧ ಗಂಟೆ ತಡವಾಯಿತು. "ಎಲ್ಲಿದ್ರಿ?" ಅಂತಾಳೆ. "ಎಷ್ಟು ದಿನ ಅದನ್ನೇ ಎತ್ತಾಡ್ತಿ? ಕ್ಷಮಿಸಿದೀನಿ ಅಂದ್ಯಲ್ಲ!" ಅಂತ ಸಿಟ್ಟಾದರೆ, ಆತನಿಗೆ ಬೇಕಾಗಿದ್ದು ವಿಷಯ ಮುಚ್ಚಿಹೋಗೋದು. "ಗೇಟ್ ಹತ್ರ ತಡ ಆಯ್ತು, ನಾನೇ ಫೋನ್ ಮಾಡಬೇಕಿತ್ತು" ಅಂದು, ಮರುದಿನದಿಂದ ಮಾಡಿದರೆ, ಲೂಕ 3:8 ಹೇಳೋ ಫಲ ಅದು.

ಅಕ್ಕ-ತಂಗಿಯರೇ, ಕ್ಷಮೆ ನೀವು ಕೊಡಬಹುದು. ನಂಬಿಕೆ ಆತ ಗಳಿಸಬೇಕು. ಒಂದು ವರ್ಷದ ಮೇಲೂ ಸುಳ್ಳು ಸಿಕ್ತಿದ್ದರೆ ಹೊರಡೋದು ಅವಿಧೇಯತೆ ಅಲ್ಲ. ಗಂಡನ ಸ್ಥಾನದಲ್ಲಿ ಹೆಂಡತಿ ತಪ್ಪಿದ್ದರೂ ಇದೇ ಅಳತೆ. ಆಮೆನ್.