ಭಾನುವಾರದ ರಿಪೇರಿ ಬೇಡ, ಮಗಳೇ

ಅಕ್ಕನ ಮಗಳಿಗೆ,

ನಿನ್ನ ಮೆಸೇಜು ನೋಡಿದೆ. "ಮಾವ, ಸೋಲಾರ್‌ನವರು ಭಾನುವಾರ ಬಂದು ಸಿ.ಟಿ. ವೈರು ಉಲ್ಟಾ ಮಾಡಿ ಹೋಗ್ತಾರಂತೆ, ಅರ್ಧ ಗಂಟೆ ಕೆಲಸವಂತೆ, ಮಾಡಿಸಲಾ?" ಅಂತ ಒಂದು ಸಾಲು, ಅದರ ಹಿಂದೆ ಮೀಟರಿನ ಫೋಟೋಗಳ ರಾಶಿ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಆಯ್ತು ಮಾವ" ಅಂದುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಇದೇ ಅವಸ್ಥೆಯಲ್ಲಿರುವವರು ಇನ್ನೂ ಕೆಲವರು ಇದ್ದಾರೆ, ಅವರೂ ಓದಿಕೊಳ್ಳಲಿ.

ಮೊದಲು ನನ್ನ ಹಳೆಯ ಕಥೆ ಕೇಳು. ಎಂಬತ್ತರ ದಶಕ. ನಾನು ಮೀಟರ್ ಟೆಸ್ಟಿಂಗ್ ಸೆಕ್ಷನ್ನಿನಲ್ಲಿ ಹೊಸಬ. ತುಂಗಭದ್ರಾ ನಾಲೆಯ ಸೀಮೆಯ ಒಂದು ಅಕ್ಕಿ ಮಿಲ್ಲಿನಲ್ಲಿ ಮೀಟರಿನ ಚಕ್ರ ನಿಂತುಬಿಟ್ಟಿದೆ ಅಂತ ಕರೆ ಬಂತು. ಆಗಿನ ಮೀಟರಿನೊಳಗೆ ಅಲ್ಯುಮಿನಿಯಂ ಚಕ್ರ ತಿರುಗುತ್ತಿತ್ತು, ಅಂಚಿನಲ್ಲಿ ಒಂದು ಕಪ್ಪು ಗುರುತು. ಸ್ಟಾಪ್‌ವಾಚ್ ಹಿಡಿದು ಆ ಗುರುತು ಎಷ್ಟು ಸಲ ಸುತ್ತಿತು ಅಂತ ಎಣಿಸುವುದೇ ನಮ್ಮ ವಿದ್ಯೆ. ಹೋಗಿ ನೋಡಿದರೆ ಮಿಲ್ಲಿನ ಮೋಟರುಗಳೆಲ್ಲ ಗುಡುಗುಡು ಓಡುತ್ತಿವೆ, ಗೋಡೆ ಅದುರುತ್ತಿದೆ, ಚಕ್ರ ಮಾತ್ರ ಕಲ್ಲಿನ ಹಾಗೆ ನಿಂತಿದೆ. ಜೊತೆಗೆ ಬಂದಿದ್ದವರು ಕಳ್ಳತನ ಅಂತ ತೀರ್ಮಾನಿಸಿಯೇ ಬಿಟ್ಟಿದ್ದರು. ಮಾಲೀಕ ತಲೆ ಚಚ್ಚಿಕೊಳ್ಳುತ್ತಿದ್ದ.

ನನ್ನ ಮೇಲಿನವರು ಮಾತಾಡುವ ಮನುಷ್ಯರಲ್ಲ. ಮೂರು ಫೇಸಿನ ವೋಲ್ಟೇಜ್ ಲಿಂಕುಗಳಲ್ಲಿ ಎರಡನ್ನು ತೆಗೆದು ಒಂದನ್ನೇ ಬಿಟ್ಟರು. ಆರ್ ಫೇಸಿನ ಮೇಲೆ ಚಕ್ರ ಸರಿಯಾಗಿ ಮುಂದಕ್ಕೆ ಓಡಿತು. ವೈ ಫೇಸಿನ ಮೇಲೆ ಜೋರಾಗಿ ಹಿಂದಕ್ಕೆ ಓಡಿತು. ಬಿ ಫೇಸಿನ ಮೇಲೆ ಓಡುತ್ತಿದೆಯೋ ಇಲ್ಲವೋ ಅನ್ನುವಂತೆ ತೆವಳಿತು. "ವೈ ಸಿ.ಟಿ. ವೈರು ಬಿಗೆ ಹೋಗಿದೆ, ಬಿ ವೈರು ವೈಗೆ ಬಂದಿದೆ" ಅಂದರು, ಅಷ್ಟೇ. ಬಾಕ್ಸ್ ಬಿಚ್ಚಿದರೆ ಹಾಗೇ ಇತ್ತು. ಕೆಲವು ತಿಂಗಳ ಹಿಂದೆ ಸುಟ್ಟ ವೈರು ಬದಲಾಯಿಸಿದವರು ಎರಡನ್ನು ಅದಲು ಬದಲು ಮಾಡಿ ಹೋಗಿದ್ದರು. ಮೂರೂ ಫೇಸಿನ ಮೇಲೆ ಸಮನಾದ ಲೋಡ್ ಇದ್ದು ಎರಡು ಸಿ.ಟಿ.ಗಳು ಅದಲು ಬದಲಾದರೆ ಒಟ್ಟು ಲೆಕ್ಕ ಸೊನ್ನೆಯೇ. ಒಂದು ಫೇಸು ಕೂಡಿದ್ದನ್ನು ಉಳಿದೆರಡು ಸೇರಿ ಕಳೆದುಬಿಡುತ್ತವೆ. ಮಾಲೀಕ ಕಳ್ಳನಲ್ಲ ಅಂತಾಯಿತು. ಆದರೂ ಅಷ್ಟೂ ತಿಂಗಳ ಬಾಕಿಯನ್ನು ಹಿಂದಿನ ಸರಾಸರಿ ಹಿಡಿದು ಅವನೇ ಕಟ್ಟಿದ. ಸೀಲ್ ಮುರಿಯದೆ ಇದ್ದದ್ದರಿಂದ ಬಾಕಿ ಕಟ್ಟಿ ಬಚಾವಾದ. ಮುರಿದಿದ್ದರೆ ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಈ ಒಂದು ಮಾತು ನೆನಪಿಟ್ಟುಕೋ.

ಅಲ್ಲಿಂದಾಚೆ ಒಟ್ಟು ರೀಡಿಂಗ್ ನೋಡಿ ಮೀಟರಿನ ಬಗ್ಗೆ ಮಾತಾಡುವವರನ್ನು ಕಂಡರೆ ನನಗಾಗುವುದಿಲ್ಲ. ಈಗ ಚಕ್ರ ಹೋಗಿ ಡಿಸ್‌ಪ್ಲೇ ಬಂದಿದೆ, ಆದರೆ ಕೂಡುವ ಕಳೆಯುವ ಲೆಕ್ಕ ಅದೇ.

ಚಳ್ಳಕೆರೆಯ ನಿನ್ನ ಎಣ್ಣೆ ಮಿಲ್ಲಿಗೆ ಬರೋಣ. ಮನೆಯ ಸಣ್ಣ ಮೀಟರಿನೊಳಗೆ ಕರೆಂಟ್ ನೇರವಾಗಿ ಹಾದು ಹೋಗುತ್ತದೆ. ನಿನ್ನಂಥ ದೊಡ್ಡ ಲೋಡಿಗೆ ಅದು ತಡೆಯುವುದಿಲ್ಲ, ಅದಕ್ಕೇ ಫೇಸಿಗೊಂದರಂತೆ ಸಿ.ಟಿ. ಹಾಕುತ್ತಾರೆ. ಕೇಬಲ್ಲು ಅದರ ನಡುವೆ ತೂರಿರುತ್ತದೆ. ನಿನ್ನದು ನೂರಕ್ಕೆ ಐದರದ್ದು. ಕೇಬಲ್ಲಿನಲ್ಲಿ ನೂರು ಆಂಪಿಯರ್ ಹರಿದರೆ ಮೀಟರಿಗೆ ಐದು ಕಳಿಸುತ್ತದೆ. ಸಿ.ಟಿ.ಯ ಒಂದು ಮುಖದಲ್ಲಿ ಪಿ1 ಅಂತಿರುತ್ತದೆ, ಅದು ಲೈನಿನ ಕಡೆಗಿರಬೇಕು. ಪಿ2 ಮಿಲ್ಲಿನ ಕಡೆಗೆ. ಅದರಿಂದ ಹೊರಡುವ ಸಣ್ಣ ವೈರುಗಳು ಎಸ್1, ಎಸ್2. ಕರೆಂಟ್ ಪಿ1ರಿಂದ ಒಳಗೆ ಬಂದಾಗ ಎಸ್1ರಿಂದ ಹೊರಗೆ ಹೋಗುತ್ತದೆ, ಅದನ್ನು ನೋಡಿ ಮೀಟರು "ಕೊಂಡದ್ದು" ಅಂತ ಬರೆದುಕೊಳ್ಳುತ್ತದೆ. ಸೋಲಾರ್ ಕರೆಂಟ್ ಹೊರಗೆ ಹೋಗುವಾಗ ದಿಕ್ಕು ಬದಲಾಗಿ "ಕೊಟ್ಟದ್ದು" ಅಂತ ಬರೆದುಕೊಳ್ಳುತ್ತದೆ. ಮುಖ ತಿರುಗಿಸಿ ಕೂರಿಸಿದರೆ ಲೆಕ್ಕ ತಿರುಗುತ್ತದೆ. ಎಸ್1, ಎಸ್2 ಅದಲು ಬದಲಾದರೂ ತಿರುಗುತ್ತದೆ. ಎರಡೂ ತಪ್ಪಿದ್ದರೆ ತಪ್ಪಿಗೆ ತಪ್ಪು ಸೇರಿ ಸರಿಯಾಗಿಬಿಡುತ್ತದೆ! ಆದ್ದರಿಂದ ಟಾರ್ಚ್ ಬಿಟ್ಟು ಪಿ1 ಎಲ್ಲಿದೆ ಅಂತ ನೋಡಿದ ಮಾತ್ರಕ್ಕೆ ಏನೂ ತೀರ್ಮಾನವಾಗುವುದಿಲ್ಲ.

ಈಗ ನಿನ್ನ ಫೋಟೋಗಳು. ಭಾನುವಾರ ಮಧ್ಯಾಹ್ನ, ಮಿಲ್ಲು ಬಂದ್, ಇನ್ವರ್ಟರ್ 24 ಕಿಲೋವ್ಯಾಟ್ ತೋರಿಸುತ್ತಿದೆ. ಅಂದರೆ ಫೇಸಿಗೆ 8ರಂತೆ ಹೊರಗೆ ಹೋಗುತ್ತಿದೆ, ಗಂಟೆಗೆ 24 ಯೂನಿಟ್ ಎಕ್ಸ್‌ಪೋರ್ಟ್ ಏರಬೇಕು. ಅದು ಅಲ್ಲಾಡಿಲ್ಲ. ಬದಲಿಗೆ ಇಂಪೋರ್ಟ್ ಏರಿದೆ, ಗುಣಿಸಬೇಕಾದ ಫ್ಯಾಕ್ಟರಿನಿಂದ ಗುಣಿಸಿದ ಮೇಲೆ ಗಂಟೆಗೆ 8. ರಾತ್ರಿ ಹನ್ನೊಂದರ ಫೋಟೋದಲ್ಲಿ ಎಕ್ಸ್‌ಪೋರ್ಟ್ ಚೂರು ಏರಿದೆ. ರಾತ್ರಿ ಹನ್ನೊಂದಕ್ಕೆ ಚಳ್ಳಕೆರೆಯಲ್ಲಿ ಯಾವ ಸೂರ್ಯ, ಹೇಳು? ಇದನ್ನು ನೋಡಿಯೇ ಸೋಲಾರ್ ಹುಡುಗ "ಸಿ.ಟಿ. ಎಲ್ಲಾ ಉಲ್ಟಾ" ಅಂದಿದ್ದಾನೆ. ಉಲ್ಟಾ ನಿಜ. ಎಲ್ಲಾ ಅನ್ನುವುದು ಸುಳ್ಳು.

ಮೂರೂ ಉಲ್ಟಾ ಆಗಿದ್ದರೆ ಇಂಪೋರ್ಟ್ 24 ಏರಬೇಕಿತ್ತು, 8 ಅಲ್ಲ. ಒಂದು ಫೇಸು 8 ಕೊಟ್ಟದ್ದು ಅಂತ ಬರೆದು, ಉಳಿದೆರಡು ಎಂಟೆಂಟು ಕೊಂಡದ್ದು ಅಂತ ಬರೆದರೆ ಮಾತ್ರ ಕೊನೆಗೆ ಕೊಂಡದ್ದು 8 ಉಳಿಯುತ್ತದೆ. ಅಂದರೆ ತಿರುಗಿರುವುದು ಎರಡು, ಸರಿ ಇರುವುದು ಒಂದು. ಈಗ ನಿನ್ನ ಹುಡುಗ ಮೂರನ್ನೂ ತಿರುಗಿಸಿದ ಅಂದುಕೋ. ತಪ್ಪಿದ್ದ ಎರಡು ಸರಿಯಾದವು, ಸರಿ ಇದ್ದ ಒಂದು ತಪ್ಪಾಯಿತು. ಮೀಟರು ಗಂಟೆಗೆ 8 ಎಕ್ಸ್‌ಪೋರ್ಟ್ ತೋರಿಸಲು ಶುರು ಮಾಡುತ್ತದೆ. ಅವನು "ನೋಡಿ ಅಕ್ಕ, ಬಂತು" ಅಂತಾನೆ, ನೀನು ಕಾಫಿ ಕೊಟ್ಟು ಕಳಿಸ್ತೀಯ. 24 ಕೊಟ್ಟು 8ರ ಲೆಕ್ಕ ಪಡೆಯುತ್ತಾ ವರ್ಷಗಟ್ಟಲೆ ಖುಷಿಯಾಗಿರುತ್ತೀಯ. ನನಗೆ ಭಯ ಇರುವುದು ಈ ಅರೆಬರೆ ರಿಪೇರಿಯದ್ದೇ. ಪೂರ್ತಿ ಕೆಟ್ಟಿದ್ದು ಕಣ್ಣಿಗೆ ಬೀಳುತ್ತದೆ, ಇದು ಬೀಳುವುದಿಲ್ಲ.

ಎಕ್ಸ್‌ಪೆಲರ್ ಓಡುವ ದಿನ ಆ ಮೀಟರು ನೀನು ಕೊಂಡದ್ದನ್ನೂ ಮೂರರಲ್ಲಿ ಒಂದೇ ಪಾಲು ಬರೆಯುತ್ತದೆ. ಅದು ಯಾವತ್ತಾದರೂ ತಪಾಸಣೆಗೆ ಸಿಕ್ಕರೆ, ಸೀಲ್ ಬೇರೆ ಮುರಿದಿದ್ದರೆ, ನೀನು ಅದನ್ನು ರಿಪೇರಿ ಅಂತೀಯ, ಅವರು 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಅಂತಾರೆ. ಅದು ಕಳ್ಳತನದ ಸೆಕ್ಷನ್. ಎಂಜಿನಿಯರಿಂಗ್ ಓದಿದವಳು ನೀನು, ಮಿಲ್ಲಿನ ಒಂದು ನಟ್ಟು ಬಿಚ್ಚಬೇಕಾದರೂ ಮೂರು ಸಲ ಯೋಚಿಸುತ್ತೀಯ. ವಿದ್ಯುತ್ ಕಂಪನಿಯ ಸೀಲನ್ನು ಇನ್ಯಾರೋ ಸ್ಕ್ರೂಡ್ರೈವರ್ ಹಾಕಿ ಕೀಳಲಿ ಅಂತ ಕೇಳುತ್ತೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೀಯ? ಅದೂ ಇನ್ವರ್ಟರ್ ಓಡುತ್ತಿರುವಾಗ! ಕೇಬಲ್ಲಿನಲ್ಲಿ ಕರೆಂಟ್ ಹರಿಯುತ್ತಿರುವಾಗ ಸಿ.ಟಿ.ಯ ಎಸ್1, ಎಸ್2 ವೈರು ಬಿಚ್ಚಬಾರದು. ಹೋಗಲು ದಾರಿ ಇಲ್ಲದ ಕರೆಂಟ್ ಅಲ್ಲಿ ಭಾರೀ ವೋಲ್ಟೇಜ್ ಎಬ್ಬಿಸುತ್ತದೆ. ಟೆಸ್ಟ್ ಬ್ಲಾಕಿನಲ್ಲಿ ಶಾರ್ಟಿಂಗ್ ಲಿಂಕ್ ಹಾಕಿಯೇ ಮುಟ್ಟಬೇಕು. ಕರಕಲಾದ ಟರ್ಮಿನಲ್‌ಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಸುಟ್ಟ ಬೆರಳುಗಳನ್ನೂ.

ಸಿಟ್ಟಿನಲ್ಲಿ ಬರೆದೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಅವಸರ ನನಗೆ ಅರ್ಥವಾಗುವುದಿಲ್ಲ ಅಂತಲ್ಲ. ಮೂವತ್ತು ಕಿಲೋವ್ಯಾಟಿನ ಪ್ಲಾಂಟು ನಿಮ್ಮ ಕಡೆಯ ಬಿಸಿಲಿಗೆ ಒಳ್ಳೆಯ ದಿನ ಸುಮಾರು 120 ಯೂನಿಟ್ ಕೊಡುತ್ತದೆ. ಮಿಲ್ಲು ಬಂದ್ ಇರುವ ದಿನ ಆ 120 ಸಿಗುವುದಿಲ್ಲ, ಮೇಲೆ 40 ಯೂನಿಟ್ ನೀನೇ ಕೊಂಡಂತೆ ಬಿಲ್ ಬೀಳುತ್ತದೆ. ಬ್ಯಾಂಕಿನ ಕಂತು ಕಾಯುವುದಿಲ್ಲ, ಆಫೀಸಿನಲ್ಲಿ ಅರ್ಜಿ ಹೋದ ದಾರಿಗೆ ಫೋನೂ ಬರುವುದಿಲ್ಲ. ಹುಡುಗ ಹೇಳಿದ್ದರಲ್ಲಿ ಒಂದು ನ್ಯಾಯವಿದೆ, ಅರ್ಧ ಗಂಟೆಯ ಕೆಲಸವೇ ಅದು. ಎರಡೂ ಕಡೆ ತೂಗಿ ನೀನೇ ತೀರ್ಮಾನಿಸು ಅಂತ ಹೇಳಬೇಕು, ಹೇಳಿದೆ ಅಂದುಕೋ. ನನ್ನ ಮಾತು ಮಾತ್ರ ಕಂಪನಿಗೆ ಅರ್ಜಿ ಕೊಡು ಅನ್ನುವುದೇ.

ಅರ್ಜಿಯಲ್ಲಿ "ಮೀಟರ್ ಸರಿ ಇಲ್ಲ" ಅಂತ ಬರೆದರೆ ಯಾರೋ ಬಂದು ಮೀಟರ್ ಒಂದನ್ನೇ ಪರೀಕ್ಷಿಸಿ ಸರಿ ಇದೆ ಅಂತ ಬರೆದು ಹೋಗುತ್ತಾರೆ. ಮೀಟರು ಸರಿಯಾಗಿಯೇ ಇದೆ, ತಪ್ಪಿರುವುದು ಅದಕ್ಕೆ ಬರುವ ಲೆಕ್ಕ. "ಸಿ.ಟಿ. ಪೊಲಾರಿಟಿ ಮತ್ತು ಫೇಸ್ ಜೋಡಣೆ ಪರೀಕ್ಷಿಸಬೇಕು" ಅಂತ ಬರಿ. ಮಧ್ಯಾಹ್ನದ ಮತ್ತು ರಾತ್ರಿಯ ಫೋಟೋ, ಅದೇ ಗಂಟೆಯ ಇನ್ವರ್ಟರ್ ದಾಖಲೆ ಲಗತ್ತಿಸು. ಹಿಂದಿನ ಬಿಲ್ಲುಗಳನ್ನು ತಿದ್ದಿಸುವಾಗ ನಿನ್ನ ಕೈಯಲ್ಲಿರುವ ಸಾಕ್ಷಿ ಅದೊಂದೇ.

ಅವರು ಬಂದ ದಿನ ನೀನು ಅಲ್ಲಿರು. ಮೊದಲು ಇನ್ವರ್ಟರ್ ಪೂರ್ತಿ ಆಫ್ ಮಾಡಿಸಿ ಎಕ್ಸ್‌ಪೆಲರ್ ಓಡಿಸು. ಮಿಲ್ಲು ಬರೀ ಕೊಳ್ಳುತ್ತಿರುವಾಗ ಮೂರೂ ಫೇಸು ಬೇರೆ ಬೇರೆಯಾಗಿ ಇಂಪೋರ್ಟ್ ತೋರಿಸಬೇಕು. ಈ ಹೆಜ್ಜೆ ಯಾಕೆ ಅಂದರೆ, ಸೋಲಾರ್ ಬರುವ ಮೊದಲು ಒಂದು ಫೇಸು ಮೈನಸ್ ತೋರಿಸಿತೆಂದರೆ ಸಿ.ಟಿ. ಜೋಡಣೆ ತಪ್ಪಿದೆ ಅಂತ ಕಣ್ಣು ಮುಚ್ಚಿ ಹೇಳಬಹುದಿತ್ತು. ಈಗ ಬಿಸಿಲಿನಲ್ಲಿ ಮೈನಸ್ ಬರುವುದೇ ಸರಿ. ಮಿಲ್ಲೂ ಇನ್ವರ್ಟರೂ ಒಟ್ಟಿಗೆ ಓಡುತ್ತಿರುವಾಗ ನೋಡಿದರೆ ಸರಿ ತಪ್ಪು ಎರಡೂ ಒಂದೇ ಥರ ಕಾಣುತ್ತವೆ. ಆಮೇಲೆ ಮೋಟರು ನಿಲ್ಲಿಸಿ ಇನ್ವರ್ಟರ್ ಆನ್ ಮಾಡಿಸು, ಆಗ ಮೂರೂ ಫೇಸು ಎಕ್ಸ್‌ಪೋರ್ಟ್ ತೋರಿಸಬೇಕು. "ಟೋಟಲ್ ಸರಿ ಬರ್ತಿದೆ ಮೇಡಂ" ಅಂದರೆ ಒಪ್ಪಬೇಡ. ಫೇಸ್‌ವಾರು ಅಂಕಿಗಳನ್ನು ಎರಡೂ ಸಲ ರಿಪೋರ್ಟಿನಲ್ಲಿ ಬರೆಸು, ಹೊಸ ಸೀಲಿನ ನಂಬರು ಅದರ ಕೆಳಗೇ ಇರಲಿ.

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿಯ ಫೋಟೋ ಕಳಿಸು. ವಾರ ಕಳೆದರೂ ಯಾರೂ ಬಾರದಿದ್ದರೆ ಹೇಳು, ಆ ಕಡೆ ನನ್ನ ಕೈಕೆಳಗೆ ಕೆಲಸ ಕಲಿತವರೊಬ್ಬರು ಇನ್ನೂ ಸರ್ವಿಸಿನಲ್ಲಿದ್ದಾರೆ. ಸೋಲಾರ್ ಹುಡುಗನಿಗೆ ಇವತ್ತೇ ಫೋನ್ ಮಾಡಿ ಭಾನುವಾರ ಬರಬೇಡ ಅಂತ ತಿಳಿಸು.

ಇತಿ,
ನಿನ್ನ ಮಾವ