ಒಂದು ಅಂಕಿ, ಕೆಲವು ನಿಮಿಷ: ನಾಣ್ಯಗಳ ಬೆಲೆ ಥಟ್ಟನೆ ಬದಲಾಗುವುದೇಕೆ?

2022ನೆಯ ಇಸವಿ ನವೆಂಬರ್ 10ನೆಯ ದಿನ. ವಾಷಿಂಗ್ಟನ್ನಿನಲ್ಲಿ ಬೆಳಗ್ಗೆ ಎಂಟೂವರೆ ಗಂಟೆ. ನಮ್ಮಲ್ಲಿ ಸಂಜೆ ಏಳು. ಅಮೆರಿಕದ ಕಾರ್ಮಿಕ ಅಂಕಿ-ಅಂಶಗಳ ಇಲಾಖೆಯು ಆ ಕ್ಷಣದಲ್ಲಿ ಒಂದು ಪ್ರಕಟಣೆಯನ್ನು ಹೊರಡಿಸಿತು. ಹಿಂದಿನ ವರ್ಷದ ಅಕ್ಟೋಬರಿಗೆ ಹೋಲಿಸಿದರೆ ಆ ವರ್ಷದ ಅಕ್ಟೋಬರಿನಲ್ಲಿ ಬಳಕೆಯ ವಸ್ತುಗಳ ಬೆಲೆ ಶೇಕಡ 7.7ರಷ್ಟು ಏರಿದೆಯೆಂಬುದೇ ಅದರ ಸಾರ. ಅದಕ್ಕೆ ಮೊದಲು ಒಂದು ಡಾಲರಿಗೆ ಸುಮಾರು 146 ಜಪಾನೀ ಯೆನ್ ಸಿಗುತ್ತಿತ್ತು. ಕೆಲವೇ ನಿಮಿಷಗಳಲ್ಲಿ ಡಾಲರಿನ ಬೆಲೆ ಎರಡು ಯೆನ್ನಿಗೂ ಹೆಚ್ಚು ಕುಸಿಯಿತು. ದಿನ ಮುಗಿಯುವ ವೇಳೆಗೆ ಅದು 141ರ ಸಮೀಪಕ್ಕೆ ಇಳಿದಿತ್ತು.

ಅಷ್ಟು ಹೊತ್ತಿನಲ್ಲಿ ಅಮೆರಿಕದ ಒಂದು ಕಾರ್ಖಾನೆಯೂ ಮುಚ್ಚಲಿಲ್ಲ, ಜಪಾನಿನ ಒಂದು ಹೊಲವೂ ಹೆಚ್ಚು ಬೆಳೆಯಲಿಲ್ಲ. ಹಾಗಾದರೆ ಬದಲಾದುದೇನು? ಇದನ್ನು ನಾವು ಹಂತ ಹಂತವಾಗಿ ವಿಚಾರಿಸೋಣ.

ಮೊದಲು ಒಂದು ವಿಚಿತ್ರವನ್ನು ಗಮನಿಸಬೇಕು. ಶೇಕಡ 7.7 ಎಂಬುದು ಬಹಳ ಹೆಚ್ಚಿನ ಹಣದುಬ್ಬರ. ಆದರೆ ಮಾರುಕಟ್ಟೆ ಅದನ್ನು ಬೆಲೆಯೇರಿಕೆ ತಗ್ಗಿದ ಸುದ್ದಿಯೆಂದೇ ಭಾವಿಸಿತು. ಏಕೆಂದರೆ ಅರ್ಥಶಾಸ್ತ್ರಜ್ಞರು ಮುಂಚೆಯೇ ಲೆಕ್ಕಹಾಕಿ, ಏರಿಕೆ ಶೇಕಡ 8ರ ಆಸುಪಾಸಿನಲ್ಲಿದ್ದೀತೆಂದು ಊಹಿಸಿದ್ದರು. ಇಂಥ ಊಹೆಗಳನ್ನು ಸುದ್ದಿಸಂಸ್ಥೆಗಳು ಸಂಗ್ರಹಿಸಿ ಪ್ರಕಟಣೆಗೆ ಮೊದಲೇ ಎಲ್ಲರಿಗೂ ತಿಳಿಸುತ್ತವೆ. ಅದನ್ನು ನಂಬಿದವರು ಕೊಳ್ಳುವುದನ್ನೂ ಮಾರುವುದನ್ನೂ ಮೊದಲೇ ಮಾಡಿ ಮುಗಿಸಿರುತ್ತಾರೆ. ಆದುದರಿಂದ ನಿರೀಕ್ಷಿಸಿದ ಸಂಗತಿಯು ಆಗಲೇ ಬೆಲೆಯೊಳಗೆ ಸೇರಿಹೋಗಿರುತ್ತದೆ. ಅಂಕಿಯು ಊಹೆಯಂತೆಯೇ ಬಂದರೆ ಬೆಲೆ ಅಲುಗಾಡಲು ಹೆಚ್ಚಿನ ಕಾರಣವಿರುವುದಿಲ್ಲ. ಬೆಲೆಯನ್ನು ಚಲಿಸುವಂತೆ ಮಾಡುವುದು ಅಂಕಿಯಲ್ಲ. ಅಂಕಿಗೂ ನಿರೀಕ್ಷೆಗೂ ಇರುವ ಅಂತರ. ಆಹಾರ ಮತ್ತು ಇಂಧನಗಳನ್ನು ಬಿಟ್ಟು ಉಳಿದ ವಸ್ತುಗಳ ಬೆಲೆ ಆ ಒಂದು ತಿಂಗಳಲ್ಲಿ ಶೇಕಡ 0.5 ಏರೀತೆಂದು ಊಹಿಸಲಾಗಿತ್ತು, ಏರಿದುದು 0.3 ಮಾತ್ರ. ಮಾರುಕಟ್ಟೆಯನ್ನು ಬೆರಗುಗೊಳಿಸಿದುದು ಇಂಥ ಸಣ್ಣ ಅಂತರ.

ಬೆಲೆಯೇರಿಕೆಗೂ ಡಾಲರಿಗೂ ಇರುವ ಕೊಂಡಿ ಯಾವುದು? ಅದು ಬಡ್ಡಿ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್, ಬೆಲೆಯೇರಿಕೆಯನ್ನು ತಡೆಯಲು ಬಡ್ಡಿಯ ದರವನ್ನು ಏರಿಸುತ್ತ ಬಂದಿತ್ತು. ಅದೇ ನವೆಂಬರ್ 2ರಂದು ಅದನ್ನು ಶೇಕಡ 0.75ರಷ್ಟು ಹೆಚ್ಚಿಸಿತ್ತು. ಜಪಾನಿನಲ್ಲಾದರೋ ಬಡ್ಡಿಯು ಸೊನ್ನೆಯ ಸಮೀಪದಲ್ಲಿತ್ತು. ಹೀಗಾಗಿ ಅನೇಕರು ಯೆನ್‌ಗಳನ್ನು ಸಾಲ ಪಡೆದು, ಡಾಲರುಗಳಾಗಿ ಪರಿವರ್ತಿಸಿ, ಹೆಚ್ಚಿನ ಬಡ್ಡಿಯನ್ನು ಗಳಿಸುತ್ತಿದ್ದರು. ಬೆಲೆಯೇರಿಕೆ ತಗ್ಗಿತೆಂದ ಕೂಡಲೇ, ಇನ್ನು ಮುಂದೆ ಬಡ್ಡಿಯು ಅಷ್ಟಾಗಿ ಏರಲಾರದೆಂದು ಎಲ್ಲರೂ ತರ್ಕಿಸಿದರು. ಎರಡು ವರ್ಷ ಅವಧಿಯ ಅಮೆರಿಕದ ಸರ್ಕಾರಿ ಸಾಲಪತ್ರಗಳ ಪ್ರತಿಫಲವು ಆ ದಿನ ಸುಮಾರು ಕಾಲು ಶೇಕಡದಷ್ಟು ಇಳಿಯಿತು. ಡಾಲರನ್ನು ಇಟ್ಟುಕೊಳ್ಳುವುದರ ಲಾಭವೂ ಅಷ್ಟು ಕಡಿಮೆಯಾಯಿತು.

ಈಗ ಸ್ವಲ್ಪ ಗಣಿತ ಮಾಡೋಣ. ನೂರು ಡಾಲರಿನ ಮೇಲೆ ವರ್ಷಕ್ಕೆ ಕಾಲು ಡಾಲರು ಕಡಿಮೆ ಬಡ್ಡಿ. ಎರಡು ವರ್ಷಕ್ಕೆ ಅರ್ಧ ಡಾಲರು. ಇಷ್ಟೇ ಕಾರಣವಾಗಿದ್ದರೆ ಡಾಲರು ಶೇಕಡ ಅರ್ಧದಷ್ಟು ಇಳಿದಿದ್ದರೆ ಸಾಕಾಗಿತ್ತು. ಆದರೆ 146ರಿಂದ 141ಕ್ಕೆ ಇಳಿಯುವುದೆಂದರೆ ಶೇಕಡ 3ಕ್ಕೂ ಹೆಚ್ಚು. ಉಳಿದ ಇಳಿತವು ಎಲ್ಲಿಂದ ಬಂತು?

ಅದಕ್ಕೆ ಮುಖ್ಯವಾದ ಒಂದು ಕಾರಣ, ಬಹುಮಂದಿ ಒಂದೇ ದಿಕ್ಕಿಗೆ ವಾಲಿದ್ದುದು. ಆ ವರ್ಷದ ಬಹುಭಾಗ ಡಾಲರು ಏರುತ್ತ ಬಂದಿತ್ತು. ಅದನ್ನು ಕೊಂಡಿಟ್ಟವರು ಅಪಾರ. ನಷ್ಟವು ಮಿತಿಮೀರದಿರಲೆಂದು, 'ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡಿ' ಎಂಬ ಸೂಚನೆಯನ್ನು ಇಂಥವರಲ್ಲಿ ಅನೇಕರು ಮೊದಲೇ ಕೊಟ್ಟಿರುತ್ತಾರೆ. ಬೆಲೆ ಇಳಿದಂತೆ ಒಂದು ಸೂಚನೆ ಜಾರಿಗೆ ಬರುತ್ತದೆ. ಆ ಮಾರಾಟದಿಂದ ಬೆಲೆ ಇನ್ನೂ ಇಳಿದು ಮತ್ತೊಂದು ಸೂಚನೆಯನ್ನು ಎಚ್ಚರಿಸುತ್ತದೆ. ಸಣ್ಣ ಸುದ್ದಿಗೆ ದೊಡ್ಡ ಕುಸಿತ ಒದಗುವುದು ಹೀಗೆ.

ಇದೆಲ್ಲ ನಿಮಿಷಗಳಲ್ಲಿ ಹೇಗೆ ಸಾಧ್ಯ? ಬೆಲೆ ಬದಲಾಗಲು ರಾಶಿರಾಶಿ ಡಾಲರುಗಳು ಕೈಬದಲಾಗಲೇಬೇಕೆಂದು ನಾವು ಭಾವಿಸುತ್ತೇವೆ, ಹಾಗೇನೂ ಇಲ್ಲ. ವಿನಿಮಯ ಮಾರುಕಟ್ಟೆಯಲ್ಲಿ ದೊಡ್ಡ ಬ್ಯಾಂಕುಗಳು ತಾವು ಕೊಳ್ಳುವ ಒಂದು ದರವನ್ನೂ ಮಾರುವ ಒಂದು ದರವನ್ನೂ ಸದಾ ಸಾರುತ್ತಿರುತ್ತವೆ. ಪ್ರಕಟಣೆಗೆ ಕೆಲವು ಕ್ಷಣ ಮುಂಚೆ, ಹಳೆಯ ದರದಲ್ಲಿ ಸಿಕ್ಕಿಬಿದ್ದೇವೆಂಬ ಭಯದಿಂದ ಅವು ಆ ದರಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತವೆ, ಇಲ್ಲವೆ ಎರಡರ ನಡುವಣ ಅಂತರವನ್ನು ಹಿಗ್ಗಿಸುತ್ತವೆ. ಅಂಕಿಯು ಹೊರಬಿದ್ದೊಡನೆ ಗಣಕಯಂತ್ರಗಳು ಅದನ್ನು ಕಣ್ಣೆವೆ ಇಕ್ಕುವಷ್ಟರಲ್ಲಿ ಓದಿ, ನಿರೀಕ್ಷೆಯೊಡನೆ ಹೋಲಿಸಿ, ಹೊಸ ದರವನ್ನು ಸಾರುತ್ತವೆ. ಹಳೆಯ ದರದಲ್ಲಿ ಕೊಳ್ಳುವವನೇ ಇಲ್ಲವಾದ ಮೇಲೆ ಬೆಲೆಯು ಮೆಟ್ಟಿಲಿಳಿಯುವುದಿಲ್ಲ, ಧುಮುಕುತ್ತದೆ.

ಉದ್ಯೋಗದ ಅಂಕಿಯೂ ಇದೇ ಕೊಂಡಿಯ ಮೂಲಕ ಕೆಲಸ ಮಾಡುತ್ತದೆ. 2023ರ ಫೆಬ್ರವರಿ 3ರಂದು, ಅಮೆರಿಕದಲ್ಲಿ ವ್ಯವಸಾಯದ ಹೊರಗೆ ಹಿಂದಿನ ತಿಂಗಳು 5,17,000 ಹೊಸ ಉದ್ಯೋಗಗಳು ಹುಟ್ಟಿದುವೆಂದು ಪ್ರಕಟವಾಯಿತು. ನಿರೀಕ್ಷೆಯು ಎರಡು ಲಕ್ಷಕ್ಕೂ ಕಡಿಮೆಯಿತ್ತು. ಕೆಲಸಗಾರರು ದುರ್ಲಭರಾದರೆ ಕೂಲಿ ಏರುತ್ತದೆ, ಕೂಲಿ ಏರಿದರೆ ವಸ್ತುಗಳ ಬೆಲೆಯೂ ಏರಬಹುದು, ಆಗ ಬಡ್ಡಿಯನ್ನು ಇನ್ನೂ ಹೆಚ್ಚಿಸಬೇಕಾದೀತು; ಎಂದೇ ಡಾಲರು ಏರಿತು. ಆದರೆ ಇಂಥ ಮೊದಲ ಅಂಕಿಯು ಅಂತಿಮವಲ್ಲ. ಮುಂದಿನ ತಿಂಗಳುಗಳಲ್ಲಿ ಹೆಚ್ಚಿನ ಮಾಹಿತಿ ಬಂದಂತೆ ಅದನ್ನು 5,04,000ಕ್ಕೂ ಬಳಿಕ 4,72,000ಕ್ಕೂ ಇಳಿಸಲಾಯಿತು. ಮಾರುಕಟ್ಟೆಯು ಅಷ್ಟು ದಿನ ಕಾಯುವುದಿಲ್ಲ. ಕೈಗೆ ಸಿಕ್ಕ ಮೊದಲ ಅಂಕಿಯನ್ನೇ ಹಿಡಿದು ನಡೆಯುತ್ತದೆ.

ಮೊದಲ ಚಲನೆಯೇ ಉಳಿಯುತ್ತದೆಂದೂ ಹೇಳುವಂತಿಲ್ಲ. 2022ರ ಅಕ್ಟೋಬರ್ 13ರಂದು ಬೆಲೆಯೇರಿಕೆಯು ನಿರೀಕ್ಷೆಯಾದ 8.1ರ ಬದಲು 8.2 ಎಂದು ಬಂತು. ಡಾಲರು ಒಡನೆಯೇ ಮೇಲೇರಿತು. ಆದರೆ ಯೂರೋ ನಾಣ್ಯದೆದುರು ಪಡೆದ ಆ ಏರಿಕೆಯನ್ನು ಕೆಲವು ಗಂಟೆಗಳಲ್ಲಿ ಕಳೆದುಕೊಂಡಿತು. ಆದುದರಿಂದ ಇಂಥ ಸುದ್ದಿಯನ್ನು ಓದುವಾಗ ಹಿಂದಿನ ತಿಂಗಳ ಅಂಕಿ, ನಿರೀಕ್ಷೆ, ಈಗ ಬಂದ ಅಂಕಿ ಈ ಮೂರನ್ನೂ ಒಟ್ಟಿಗೆ ಬರೆದಿಟ್ಟುಕೊಳ್ಳಬೇಕು. ಆಮೇಲೆ ಎರಡು ವರ್ಷದ ಸಾಲಪತ್ರದ ಪ್ರತಿಫಲ ಯಾವ ಕಡೆಗೆ ಹೋಯಿತೆಂದು ನೋಡಬೇಕು. ಪ್ರತಿಫಲವೂ ನಾಣ್ಯವೂ ಒಟ್ಟಿಗೆ ಏರಿದ್ದರೆ, ಇಲ್ಲವೆ ಒಟ್ಟಿಗೆ ಇಳಿದಿದ್ದರೆ, ಬಡ್ಡಿಯ ಕೊಂಡಿಯೇ ಕೆಲಸಮಾಡಿರುವುದು ಬಹುಮಟ್ಟಿಗೆ ನಿಜ. ಅವು ಬೇರೆ ಬೇರೆ ಕಡೆಗೆ ಹೋಗಿದ್ದರೆ ಮತ್ತಾವುದೋ ಕಾರಣವನ್ನು ಹುಡುಕಬೇಕು.

ನವೆಂಬರ್ 10ರ ಸಂಜೆ ಏಳಕ್ಕೆ ನಮ್ಮ ದೇಶದ ವಿನಿಮಯ ಮಾರುಕಟ್ಟೆಯು ಆ ದಿನದ ವ್ಯವಹಾರವನ್ನು ಮುಗಿಸಿತ್ತು. ಮಾರನೆಯ ಬೆಳಗ್ಗೆ ಬಾಗಿಲು ತೆರೆದಾಗ ರೂಪಾಯಿಯ ಬೆಲೆಯೂ ಹಾರಿಯೇ ನಿಂತಿತ್ತು. ಹಿಂದಿನ ದಿನ ಡಾಲರಿಗೆ 81 ರೂಪಾಯಿ 80 ಪೈಸೆಯ ಹತ್ತಿರವಿದ್ದ ದರವು 80 ರೂಪಾಯಿ 80 ಪೈಸೆಯ ಸಮೀಪಕ್ಕೆ ಬಂದು ಮುಗಿಯಿತು. ಅಮೆರಿಕದ ವಿಶ್ವವಿದ್ಯಾನಿಲಯಕ್ಕೆ ಹತ್ತು ಸಾವಿರ ಡಾಲರು ಶುಲ್ಕ ಕಟ್ಟಬೇಕಾಗಿದ್ದ ವಿದ್ಯಾರ್ಥಿಗೆ ಒಂದೇ ರಾತ್ರಿಯಲ್ಲಿ ಸುಮಾರು ಹತ್ತು ಸಾವಿರ ರೂಪಾಯಿ ಉಳಿಯಿತು. ಅಮೆರಿಕದ ಬೆಲೆಗಳು ಊಹಿಸಿದ್ದಕ್ಕಿಂತ ಕೊಂಚ ಕಡಿಮೆ ಏರಿದುದರ ಫಲವಿದು.