ಅಫ್ಜಲ್‌ಗಂಜಿನ ಕ್ಲೋರೋಫಾರ್ಮ್ ವರದಿಯನ್ನು ಓದುವಾಗ ಕಲಿತದ್ದು

ಬೇಗಂ ಬಜಾರಿನಿಂದ ಮೂಸಿ ನದಿಯ ಕಡೆಗೆ ಸ್ವಲ್ಪ ದೂರ ನಡೆದರೆ ಅಫ್ಜಲ್‌ಗಂಜ್. ಈಗಿನ ಉಸ್ಮಾನಿಯಾ ಆಸ್ಪತ್ರೆಗೂ ಮೊದಲು ಅಲ್ಲೊಂದು ಆಸ್ಪತ್ರೆಯಿತ್ತು. 1908ರ ಮೂಸಿ ಪ್ರವಾಹದಲ್ಲಿ ಅದು ಹಾಳಾಯಿತು. ಅದರ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಲಾರಿ ಎಂಬ ಸರ್ಜನ್ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿದರು. ಎರಡನೆಯದರ ವರದಿ 1890ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಹೈದರಾಬಾದಿಗೆ ನರ್ಸಿಂಗ್ ಓದಲು ಬಂದ ಮಕ್ಕಳಿಗೆ ಸಂಶೋಧನಾ ಲೇಖನ ಓದುವುದನ್ನು ಕಲಿಸುವಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ಈ ವರದಿಯನ್ನೇ. ಇದರ ಮುಂದಿನ ಕಥೆಯೂ ಹಿಂದಿನ ಕಥೆಯೂ ಈಗ ಗೊತ್ತಿವೆ. ಹಾಗಾಗಿ ಲೇಖನದ ಯಾವ ಸಾಲು ಗಟ್ಟಿಯಾಗಿ ನಿಂತಿತು, ಯಾವುದು ಬಿತ್ತು ಎಂದು ಬೆರಳಿಟ್ಟು ತೋರಿಸಬಹುದು.

1. ತೀರ್ಮಾನ ಓದುವ ಮೊದಲು ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ

1848ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿ ಕಾಲ್ಬೆರಳ ಉಗುರು ತೆಗೆಸಿಕೊಳ್ಳುವಾಗ ಕ್ಲೋರೋಫಾರ್ಮಿನಿಂದ ಸತ್ತಳು. ಅಂಥ ಸಾವುಗಳು ಮುಂದೆಯೂ ನಡೆದವು. ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂದು ವೈದ್ಯರಲ್ಲಿ ಎರಡು ಪಂಗಡವಾಯಿತು. ಲಾರಿ ಎಡಿನ್‌ಬರೋದ ಜೇಮ್ಸ್ ಸೈಮ್ ಅವರ ಶಿಷ್ಯ. ಉಸಿರನ್ನು ನೋಡುತ್ತಿದ್ದರೆ ಸಾಕು, ನಾಡಿ ಹಿಡಿದು ಕೂರುವ ಅಗತ್ಯವಿಲ್ಲ ಎಂಬುದು ಆ ಶಾಲೆಯ ಪಾಠ.

ನೋಟ್‌ಬುಕ್ಕಿನಲ್ಲಿ ನಾಲ್ಕು ಖಾನೆ ಹಾಕಿಸುತ್ತೇನೆ: ಯಾರಲ್ಲಿ, ಏನು ಮಾಡಿದರು, ಯಾವುದಕ್ಕೆ ಹೋಲಿಸಿದರು, ಏನನ್ನು ಅಳೆದರು. ಆಸ್ಪತ್ರೆಯ ಪ್ರಶ್ನೆ ಹೀಗಿದೆ: ಶಸ್ತ್ರಕ್ರಿಯೆಗೆ ಬಂದ ರೋಗಿಗೆ ಕ್ಲೋರೋಫಾರ್ಮ್ ಕೊಡುವಾಗ ಉಸಿರನ್ನಷ್ಟೇ ಗಮನಿಸುವುದರಿಂದ, ಉಸಿರು ನಾಡಿ ಎರಡನ್ನೂ ಗಮನಿಸುವುದಕ್ಕಿಂತ ಸಾವು ಕಡಿಮೆಯಾಗುತ್ತದೆಯೇ? ಆಯೋಗದ ಪ್ರಶ್ನೆ ಬೇರೆ: ಪ್ರಾಣಿಗೆ ಕ್ಲೋರೋಫಾರ್ಮ್ ಕೊಟ್ಟಾಗ ಮೊದಲು ಯಾವುದು ನಿಲ್ಲುತ್ತದೆ? ಎರಡನ್ನೂ ಅಕ್ಕಪಕ್ಕ ಬರೆದ ಕೂಡಲೇ ಎರಡನೆಯದರಲ್ಲಿ ಹೋಲಿಕೆಯ ಖಾನೆ ಖಾಲಿ ಉಳಿಯುವುದು ಕಾಣುತ್ತದೆ. ನಾಡಿ ನೋಡಿದ ಗುಂಪು, ನೋಡದ ಗುಂಪು ಎಂದು ಅಲ್ಲಿ ಇರಲೇ ಇಲ್ಲ. ಆದರೆ ವರದಿಯ ಕೊನೆಯಲ್ಲಿರುವ ಸಲಹೆಗಳು ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿದೆ ಎಂಬಂತೆಯೇ ಇವೆ.

2. ಹೆಚ್ಚು ಹೊತ್ತು ಕಳೆಯಬೇಕಾದ್ದು ‘ಮೆಥಡ್ಸ್’ ಭಾಗದಲ್ಲಿ

ವಿದ್ಯಾರ್ಥಿಗಳು ಅಬ್‌ಸ್ಟ್ರಾಕ್ಟ್ ಓದಿ ನೇರವಾಗಿ ತೀರ್ಮಾನಕ್ಕೆ ಹಾರುತ್ತಾರೆ. ನಡುವಿನದು ಒಣ ವಿವರ ಎಂದುಕೊಳ್ಳುತ್ತಾರೆ. ಲೇಖನದ ಗುಣಮಟ್ಟ ಇರುವುದು ಆ ಒಣ ವಿವರದಲ್ಲೇ.

ಎರಡನೆಯ ಆಯೋಗ ನಾನೂರಕ್ಕೂ ಹೆಚ್ಚು ಪ್ರಾಣಿಗಳನ್ನು ಬಳಸಿತು. ನಾಯಿ, ಕೋತಿ, ಕುದುರೆ, ಮೇಕೆ, ಬೆಕ್ಕು, ಮೊಲ ಎಲ್ಲವೂ ಇದ್ದವು. ಹಲವು ಪ್ರಾಣಿಗಳ ರಕ್ತನಾಳಕ್ಕೆ ಮಾನೋಮೀಟರ್ ಜೋಡಿಸಿ ರಕ್ತದೊತ್ತಡದ ಗೆರೆ ಬರೆಸಿಕೊಂಡರು, ಆ ಗೆರೆಗಳ ಫೋಟೋ ತೆಗೆಸಿ ಇಟ್ಟರು. ಆ ಕಾಲಕ್ಕೆ ಇದು ಬಹಳ ಅಚ್ಚುಕಟ್ಟಾದ ಕೆಲಸ, ಆ ಶ್ರಮಕ್ಕೆ ನನಗೆ ಗೌರವವಿದೆ. ಕ್ಲೋರೋಫಾರ್ಮ್ ಹೆಚ್ಚುತ್ತ ಹೋದಂತೆ ಉಸಿರು ನಿಂತಿತು, ಹೃದಯ ಅದರ ನಂತರವೂ ಸ್ವಲ್ಪ ಹೊತ್ತು ಬಡಿಯಿತು. ಇದು ಮತ್ತೆ ಮತ್ತೆ ಕಂಡದ್ದರಿಂದ ಹೃದಯಕ್ಕೆ ನೇರ ಅಪಾಯವಿಲ್ಲ ಎಂದು ಆಯೋಗ ಬರೆಯಿತು.

ಈ ಹಂತದಲ್ಲಿ ಒಂದು ತರಗತಿಯಲ್ಲಿ ಬೀದರದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯನ್ನು ನಾನು ಈಗ ಎಲ್ಲ ಬ್ಯಾಚಿಗೂ ಹೇಳುತ್ತೇನೆ: “ಮೇಡಂ, ಆ ಉಗುರು ತೆಗಿಸ್ಕೊಂಡ ಹುಡುಗಿಗಿ ಭಾಳ ಕ್ಲೋರೋಫಾರ್ಮ್ ಕೊಟ್ಟಿದ್ರೇನ್ರಿ? ಈ ನಾಯಿಗಿ ಕೊಟ್ಟಷ್ಟು?” ಇಡೀ ವರದಿಯ ಬೀಗಕ್ಕೆ ಕೀಲಿ ಆ ಪ್ರಶ್ನೆ. ಪ್ರಯೋಗದ ಪ್ರಾಣಿಗಳಲ್ಲಿ ಬಹಳಷ್ಟು ಸತ್ತದ್ದು ಅತಿಪ್ರಮಾಣದಿಂದ. ಆದರೆ ವೈದ್ಯರನ್ನು ಹೆದರಿಸಿದ್ದ ಸಾವುಗಳಲ್ಲಿ ಹಲವು ಆಗಿದ್ದು ಮಂಪರು ಇನ್ನೂ ಹಗುರವಾಗಿದ್ದಾಗ, ಸಣ್ಣ ಶಸ್ತ್ರಕ್ರಿಯೆಗೆ ಬಂದ, ಗಾಬರಿಗೊಂಡ ರೋಗಿಗಳಲ್ಲಿ, ಒಮ್ಮೆಲೇ. ಅಂದರೆ ಆಯೋಗ ನೋಡಿದ್ದು ಒಂದು ಬಗೆಯ ಸಾವು, ತೀರ್ಪು ಕೊಟ್ಟದ್ದು ಎಲ್ಲ ಬಗೆಯ ಸಾವಿನ ಬಗ್ಗೆ.

ಹಾಗಾಗಿ ಮೆಥಡ್ಸ್ ಓದುವಾಗ ಇದು ಯಾವ ಪ್ರಾಣಿ, ಎಷ್ಟು ಪ್ರಮಾಣ ಎಂದು ಕೇಳಿ ನಿಲ್ಲಿಸಬೇಡಿ. ನನ್ನ ವಾರ್ಡಿನ ರೋಗಿ ಇರುವ ಪರಿಸ್ಥಿತಿ ಇಲ್ಲಿ ಒಮ್ಮೆಯಾದರೂ ಬಂದಿದೆಯೇ ಎಂದು ಕೇಳಿ. ಇಂದಿನ ಲೇಖನಗಳಲ್ಲಿ ಇದಕ್ಕೆ ಉತ್ತರ ಹೆಚ್ಚಾಗಿ ಯಾರನ್ನು ಹೊರಗಿಟ್ಟರು ಎಂಬ ಸಾಲಿನಲ್ಲಿ ಇರುತ್ತದೆ. ಗರ್ಭಿಣಿಯರು, ಎಪ್ಪತ್ತು ದಾಟಿದವರು, ಮೂತ್ರಪಿಂಡದ ಕಾಯಿಲೆ ಇರುವವರು ಹೊರಗಿದ್ದರೆ, ಆ ಫಲಿತಾಂಶವನ್ನು ಅವರ ಹಾಸಿಗೆಯವರೆಗೆ ಒಯ್ಯುವ ಹಕ್ಕು ಲೇಖನ ನಿಮಗೆ ಕೊಟ್ಟಿಲ್ಲ.

3. ಕಂಡದ್ದನ್ನೂ ಅದಕ್ಕೆ ಕೊಟ್ಟ ಅರ್ಥವನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತು ಮಾಡಿ

ಕ್ಲೋರೋಫಾರ್ಮ್ ಕೊಟ್ಟಾಗ ರಕ್ತದೊತ್ತಡ ಇಳಿಯುವುದು ಆಯೋಗದ ಗೆರೆಗಳಲ್ಲೇ ದಾಖಲಾಗಿದೆ. ಅದನ್ನು ಅವರು ಬಚ್ಚಿಡಲಿಲ್ಲ. ಆದರೆ ಆ ಇಳಿತ ತಾನಾಗಿ ಅಪಾಯಕಾರಿಯಲ್ಲ ಎಂದು ಓದಿದರು. ಗೆರೆ ಇಳಿದದ್ದು ಕಂಡ ವಿಷಯ, ಅಪಾಯವಿಲ್ಲ ಎಂಬುದು ಅವರ ಅರ್ಥ. ಮೊದಲನೆಯದಕ್ಕೆ ಹಸಿರು, ಎರಡನೆಯದಕ್ಕೆ ಕೆಂಪು ಹಚ್ಚಿಸುತ್ತೇನೆ. ಒಳ್ಳೆಯ ಲೇಖನದಲ್ಲಿ ಪ್ರತಿ ಕೆಂಪು ಸಾಲಿಗೂ ಹತ್ತಿರದಲ್ಲೇ ಒಂದು ಹಸಿರು ಸಾಲು ಆಸರೆಯಾಗಿ ಸಿಗಬೇಕು.

4. ಸೊನ್ನೆಯನ್ನು ಕಂಡರೆ ಲೆಕ್ಕ ಹಾಕಿ

ಹೃದಯ ಮೊದಲು ನಿಂತದ್ದು ಒಮ್ಮೆಯೂ ಕಾಣಲಿಲ್ಲ, ತಮ್ಮ ವಿಧಾನದಲ್ಲಿ ಸಾವಿರಾರು ರೋಗಿಗಳಿಗೆ ಕೊಟ್ಟರೂ ಸಾವಾಗಲಿಲ್ಲ ಎಂಬ ಮಾತುಗಳು ಲಾರಿ ಅವರ ಕಡೆಯ ದೊಡ್ಡ ಬಲ. ಸೊನ್ನೆ ಎಂದರೆ ಅಪಾಯವೇ ಇಲ್ಲ ಎಂದು ಕಿವಿಗೆ ಕೇಳುತ್ತದೆ. ಅದನ್ನು ಅಳೆಯಲು ಮನೆಪಾಠದಷ್ಟು ಸರಳವಾದ ಸೂತ್ರವೊಂದಿದೆ. ಎಷ್ಟು ಮಂದಿಯನ್ನು ನೋಡಿದರೋ ಆ ಸಂಖ್ಯೆಯಿಂದ 3ನ್ನು ಭಾಗಿಸಿ. ಒಂದೂ ಘಟನೆ ಕಾಣದಿದ್ದರೂ ನಿಜವಾದ ಅಪಾಯ ಅಷ್ಟರವರೆಗೆ ಇರಬಹುದು ಎಂದು ಶೇಕಡಾ 95ರ ಭರವಸೆಯಲ್ಲಿ ಹೇಳಬಹುದು.

400 ಪ್ರಾಣಿಗಳಲ್ಲಿ ಸೊನ್ನೆ ಎಂದಿಟ್ಟುಕೊಳ್ಳಿ. 3 ಭಾಗಿಸು 400 ಅಂದರೆ 0.0075, ಸುಮಾರು 133ಕ್ಕೆ ಒಂದು. ಅಷ್ಟು ಅಪಾಯವಿದ್ದೂ ಸೊನ್ನೆ ಕಾಣಬಹುದು. ಈಗ ತಿರುಗಿಸಿ ನೋಡಿ. ಹೃದಯ ಹಠಾತ್ತನೆ ನಿಲ್ಲುವುದು ಮೂರು ಸಾವಿರಕ್ಕೆ ಒಂದು ಸಲ ಎಂದುಕೊಂಡರೆ, 400ರ ಪ್ರಯೋಗವನ್ನು ನೂರು ಸಲ ಮಾಡಿದರೂ ಸುಮಾರು 87 ಸಲ ಅಂಥದ್ದು ಒಂದೂ ಕಣ್ಣಿಗೆ ಬೀಳುವುದಿಲ್ಲ. ಪ್ರಯೋಗ ಸುಳ್ಳಲ್ಲ, ಅಷ್ಟು ಅಪರೂಪದ್ದನ್ನು ಹಿಡಿಯುವ ಗಾತ್ರ ಅದಕ್ಕಿಲ್ಲ.

ಸಾವಿರಾರು ರೋಗಿಗಳ ಸೊನ್ನೆಗೆ ಸೂತ್ರ ಹಾಕುವ ಮೊದಲು ಇನ್ನೊಂದು ವಿಚಾರಣೆ ಬೇಕು. ಎಣಿಸಿದವರು ಯಾರು, ಮೊದಲೇ ಬರೆದಿಟ್ಟ ರಿಜಿಸ್ಟರಿನಿಂದಲೋ ನೆನಪಿನಿಂದಲೋ, ಶಸ್ತ್ರಕ್ರಿಯೆಯ ಮೇಜಿನ ಮೇಲಿನ ಸಾವನ್ನು ಮಾತ್ರ ಎಣಿಸಿದರೋ ಮರುದಿನದ್ದನ್ನೂ ಸೇರಿಸಿದರೋ? ಇದು ಗೊತ್ತಾಗದಿದ್ದರೆ ಲೇಖನ ಪರಿಶೀಲಿಸುವ ಚೆಕ್‌ಲಿಸ್ಟಿನಲ್ಲಿ ‘ಹೌದು’ ಎಂದೂ ‘ಇಲ್ಲ’ ಎಂದೂ ಹಾಕಬೇಡಿ. ಮೂರನೆಯ ಖಾನೆ ‘ತಿಳಿಯದು’ ಇರುವುದೇ ಇದಕ್ಕೆ. ಅದಕ್ಕೆ ಗುರುತು ಹಾಕಲು ವಿದ್ಯಾರ್ಥಿಗಳು ಸಂಕೋಚಪಡುತ್ತಾರೆ, ತಮಗೆ ಲೇಖನ ಅರ್ಥವಾಗಿಲ್ಲ ಎಂದು ಪರೀಕ್ಷಕರು ತಿಳಿದಾರೆಂದು. ಲೇಖಕರು ಹೇಳಿಲ್ಲ ಎಂಬುದನ್ನು ಕಂಡುಹಿಡಿಯುವುದು ಓದಿನ ಫಲವೇ.

5. ಹಣ ಯಾರದು ಎಂದು ಕೇಳಿ, ಆದರೆ ಅದನ್ನೇ ತೀರ್ಪು ಮಾಡಬೇಡಿ

ಮೊದಲ ಆಯೋಗದ ಫಲಿತಾಂಶವನ್ನು ಲ್ಯಾನ್ಸೆಟ್ ಒಪ್ಪಲಿಲ್ಲ. ಆಗ ನಿಜಾಮರ ಸರ್ಕಾರ ಸಾವಿರ ಪೌಂಡ್ ಕೊಟ್ಟು, ನಿಮ್ಮವರನ್ನೇ ಕಳಿಸಿ ಎಂದಿತು. ಬಂದವರು ಲಂಡನ್ನಿನ ಹೆಸರಾಂತ ಔಷಧ ವಿಜ್ಞಾನಿ ಲಾಡರ್ ಬ್ರಂಟನ್. ಹೃದಯಕ್ಕೂ ಅಪಾಯವಿದೆ ಎಂದು ನಂಬಿ ಬಂದ ಅವರೇ ಇಲ್ಲಿ ಲಾರಿ ಅವರ ಮಾತನ್ನು ಒಪ್ಪಿದರು. ತರಗತಿಯಲ್ಲಿ ಇದನ್ನು ಕೇಳಿದ ಕೂಡಲೇ ದುಡ್ಡಿಗೆ ಒಪ್ಪಿರಬೇಕು ಎಂಬ ಪಿಸುಮಾತು ಏಳುತ್ತದೆ. ಹಾಗೆನ್ನಲು ಆಧಾರವಿಲ್ಲ. ಬ್ರಂಟನ್ ಬಂದ ಮೇಲೂ ಪ್ರಯೋಗದಲ್ಲಿ ನೋಡಿದ್ದು ಬಹುಮಟ್ಟಿಗೆ ಅತಿಪ್ರಮಾಣದ ಸಾವನ್ನೇ, ಹಾಗೆ ನೋಡಿದವರಿಗೆ ಅದೇ ಕಂಡಿತು. ಹಣದ ಮೂಲ, ಲೇಖಕರ ಹಿಂದಿನ ನಿಲುವು ತಿಳಿದರೆ ಯಾವ ಸಾಲನ್ನು ಎರಡು ಸಲ ಓದಬೇಕೆಂದು ಗೊತ್ತಾಗುತ್ತದೆ. ತಪ್ಪು ಎಲ್ಲಿದೆ ಎಂಬುದನ್ನು ಮಾತ್ರ ಮೆಥಡ್ಸಿನಲ್ಲೇ ತೋರಿಸಬೇಕು.

6. ಅದೇ ವಿಷಯದ ಮುಂದಿನ ಲೇಖನ ಹುಡುಕದೆ ವಾರ್ಡಿಗೆ ಹೋಗಬೇಡಿ

1893ರಲ್ಲಿ ಕೇಂಬ್ರಿಜ್‌ನ ಗ್ಯಾಸ್ಕೆಲ್ ಮತ್ತು ಶೋರ್, ಒಂದು ಪ್ರಾಣಿಯ ಮೆದುಳಿಗೆ ಇನ್ನೊಂದು ಪ್ರಾಣಿಯ ರಕ್ತ ಹರಿಯುವಂತೆ ಮಾಡಿ, ಕ್ಲೋರೋಫಾರ್ಮ್ ಮೆದುಳಿನ ಮೇಲೆ ಮಾಡುವುದನ್ನೂ ಹೃದಯದ ಮೇಲೆ ಮಾಡುವುದನ್ನೂ ಬೇರ್ಪಡಿಸಿ ನೋಡಿದರು. ಹೃದಯದ ಮೇಲೆ ನೇರ ಪರಿಣಾಮವಿರುವುದು ಕಂಡಿತು. 1911ರಲ್ಲಿ ಗುಡ್‌ಮನ್ ಲೆವಿ, ಹಗುರ ಕ್ಲೋರೋಫಾರ್ಮಿನಲ್ಲಿದ್ದ ಬೆಕ್ಕುಗಳ ಹೃದಯದ ಕೆಳಕೋಣೆಗಳು ತಾಳತಪ್ಪಿ ಅದುರಿ ಹಠಾತ್ತನೆ ಸಾವು ತರಬಲ್ಲವು ಎಂದು ತೋರಿಸಿದರು. ಅಡ್ರಿನಲಿನ್ ಕೊಟ್ಟರೆ ಅದು ಇನ್ನೂ ಸುಲಭ. ಗಾಬರಿಯಲ್ಲಿರುವ ರೋಗಿಯ ಮೈಯಲ್ಲಿ ಅಡ್ರಿನಲಿನ್ ತಾನಾಗಿಯೇ ಏರಿರುತ್ತದೆ. ಬೀದರದ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಈ ಬೆಕ್ಕುಗಳಲ್ಲಿತ್ತು. ಲೆವಿ ಸಾವು ನಡೆಯುವ ಪರಿಸ್ಥಿತಿಯನ್ನೇ ಕಟ್ಟಿ ನೋಡಿದ್ದರು.

ಇಷ್ಟಾದ ಮೇಲೆ ಪ್ರತಿಯೊಬ್ಬರೂ ಎರಡು ಸಾಲು ಬರೆಯಬೇಕು: ವರದಿಯಿಂದ ವಾರ್ಡಿಗೆ ಏನನ್ನು ಒಯ್ಯುತ್ತೀರಿ, ಏನನ್ನು ಬಿಡುತ್ತೀರಿ. ಉಸಿರನ್ನು ಸತತವಾಗಿ ನೋಡಬೇಕು ಎಂಬ ಸಲಹೆ ಉಳಿಯುತ್ತದೆ. ನಾಡಿ ನೋಡುವುದು ಬೇಡ ಎಂಬುದು ಬೀಳುತ್ತದೆ, ಏಕೆಂದರೆ ಅದನ್ನು ಆಯೋಗ ಹೋಲಿಸಿ ನೋಡಿರಲೇ ಇಲ್ಲ. ಶಸ್ತ್ರಕ್ರಿಯೆ ಮುಗಿಸಿ ಬಂದ ರೋಗಿಯ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ, ನಾಡಿ ಮತ್ತು ರಕ್ತದೊತ್ತಡವನ್ನೂ ಚಾರ್ಟಿನಲ್ಲಿ ಬರೆಯಿರಿ ಎಂದು ನಾನು ಹೇಳುವಾಗ, ಆ ಎರಡೂ ಸಾಲು ಅವರ ನೋಟ್‌ಬುಕ್ಕಿನಲ್ಲಿ ಮೊದಲೇ ಇರುತ್ತವೆ.